ಕಂಪನಿಯ ರಿಸರ್ವ್ ಕೋಟಿಗಟ್ಟಲೆ, ಡಿವಿಡೆಂಡ್ ಯಾಕೆ ಅಷ್ಟೇ?

ಮುಂಬಯಿಯ ಮಾಟುಂಗದಲ್ಲಿ ಕನ್ನಡ ಬಂಧುಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಕೇಳಲು ಬಂದವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದರು, ಹೋಟೆಲ್ ನಡೆಸುವವರಿದ್ದರು, ಬಿ.ಕಾಂ. ಓದುವ ಮಕ್ಕಳೂ ಇದ್ದರು. ಮಧ್ಯೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಂಪನಿಗಳ ವಾರ್ಷಿಕ ಸಭೆಗೆ ಹೋದವರು ಈ ಮಾತನ್ನು ಕೇಳಿಯೇ ಇರುತ್ತೀರಿ. ಒಬ್ಬ ಷೇರುದಾರ ಎದ್ದು ನಿಂತು, ‘ಬ್ಯಾಲೆನ್ಸ್ ಶೀಟಿನಲ್ಲಿ 25 ಕೋಟಿ ರಿಸರ್ವ್ ಇದೆ, ನಮಗೆ ಡಿವಿಡೆಂಡ್ ಕೊಡಲು ಮಾತ್ರ ದುಡ್ಡಿಲ್ಲವಾ?’ ಎಂದು ಕೇಳುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಬೇಕಾದರೆ ಆ 25 ಕೋಟಿಯನ್ನು ಬಿಡಿಸಿ ನೋಡಬೇಕು. ಅದಕ್ಕಿಂತ ಮೊದಲು, ಆ 25 ಕೋಟಿಯೊಳಗೆ ಸೇರದೆ ಹೊರಗೇ ನಿಂತಿರುವ ಪ್ರಾವಿಷನ್ ಅನ್ನುವುದನ್ನು ನೋಡಬೇಕು. ಇವತ್ತು ನಾನು ಮಾತಾಡುವುದು ಇವೆರಡರ ಬಗ್ಗೆಯೇ.

ಬರೀ ವ್ಯಾಖ್ಯೆ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಪುಣೆಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು. ನೀರಿನ ಪಂಪು ತಯಾರಿಸುತ್ತಾರೆ. ಷೇರು ಬಂಡವಾಳ 5 ಕೋಟಿ ರೂಪಾಯಿ. ಪ್ರತಿ ಪಂಪಿಗೂ ಒಂದು ವರ್ಷದ ವಾರಂಟಿ ಕಾರ್ಡ್ ಕೊಡುತ್ತಾರೆ. ಕಂಪನಿ, ಲೆಕ್ಕ ಎಲ್ಲಾ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. ನಿಯಮಗಳು ಮಾತ್ರ ನಿಜವಾದವು.

ಮಾರ್ಚ್ 31 ಬಂತು. ಲೆಕ್ಕ ಮುಗಿಸಬೇಕು. ಮಾರಿದ ಪಂಪುಗಳಲ್ಲಿ 10,000 ಪಂಪುಗಳ ವಾರಂಟಿ ಇನ್ನೂ ಚಾಲ್ತಿಯಲ್ಲಿದೆ. ಇವುಗಳಲ್ಲಿ ಯಾವುದು ಕೆಡುತ್ತದೆ, ಯಾವಾಗ ಕೆಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಸರ್ವೀಸ್ ವಿಭಾಗದ ಹಳೆಯ ದಾಖಲೆ ಇದೆ. ನೂರಕ್ಕೆ 85 ಪಂಪಿಗೆ ದೂರೇ ಬರುವುದಿಲ್ಲ. 10 ಪಂಪಿಗೆ ಸಣ್ಣ ರಿಪೇರಿ ಬೇಕಾಗುತ್ತದೆ, ಸೀಲ್ ಬದಲಿಸುವಂಥದ್ದು, ಸುಮಾರು 1,000 ರೂಪಾಯಿ. ಉಳಿದ 5 ಪಂಪಿನ ಮೋಟಾರೇ ಸುಟ್ಟು ಹೋಗುತ್ತದೆ, ಒಂದಕ್ಕೆ 8,000 ರೂಪಾಯಿ. ಈಗ ಲೆಕ್ಕ ಹಾಕಿ. 1,000 ಪಂಪಿನ ಸಣ್ಣ ರಿಪೇರಿಗೆ 10 ಲಕ್ಷ. 500 ಪಂಪಿನ ಮೋಟಾರಿಗೆ 40 ಲಕ್ಷ. ಒಟ್ಟು 50 ಲಕ್ಷ.

ಈ 50 ಲಕ್ಷವೇ ಪ್ರಾವಿಷನ್. ಯಾರಿಗೆ ಕೊಡಬೇಕು ಎಂದು ಹೆಸರು ಹಿಡಿದು ಹೇಳಲು ಆಗುವುದಿಲ್ಲ, ಎಷ್ಟು ಎಂದು ಪೈಸೆ ಲೆಕ್ಕದಲ್ಲಿ ಹೇಳಲೂ ಆಗುವುದಿಲ್ಲ. ಆದರೂ ಅದು ಸಾಲವೇ. ಇಂಡ್ ಎಎಸ್ 37 ಅನ್ನುವ ಲೆಕ್ಕದ ಮಾನದಂಡ ಇದಕ್ಕೆ ಮೂರು ಷರತ್ತು ಇಟ್ಟಿದೆ. ಆಗಿಹೋದ ಒಂದು ಸಂಗತಿಯಿಂದ ಇವತ್ತು ಹೊಣೆ ಹುಟ್ಟಿರಬೇಕು. ದುಡ್ಡು ಕೈಬಿಡುವ ಸಂಭವವೇ ಜಾಸ್ತಿ ಇರಬೇಕು. ಮೊತ್ತವನ್ನು ನಂಬುವ ಹಾಗೆ ಅಂದಾಜು ಮಾಡಲು ಆಗಬೇಕು. ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳಿಗೆ ಎಎಸ್ 29 ಇದೆ, ಈ ಮೂರು ಷರತ್ತು ಅಲ್ಲೂ ಇವೆ. ನಮ್ಮ ಪಂಪು ಮಾರಾಟವಾಗಿ ಹೋಗಿದೆ, ಕಾರ್ಡ್ ಗಿರಾಕಿಯ ಕೈಯಲ್ಲಿದೆ, ದಾಖಲೆಯಿಂದ ಅಂದಾಜೂ ಸಿಕ್ಕಿದೆ. ಮೂರೂ ಆಯಿತು.

ಇದು ಬರೀ ಪುಸ್ತಕದ ಮಾತಲ್ಲ. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಇದೇ ವಾರಂಟಿ ವಿಷಯವನ್ನು ನೋಡಿತು. ಹಿಂದಿನ ಅನುಭವದ ಅಂಕಿಗಳ ಮೇಲೆ ಸರಿಯಾಗಿ ಅಂದಾಜು ಮಾಡಿದ ವಾರಂಟಿ ಪ್ರಾವಿಷನ್ನನ್ನು ಆದಾಯ ತೆರಿಗೆಯಲ್ಲೂ ಖರ್ಚೆಂದು ಒಪ್ಪಬೇಕು ಎಂದಿತು. ಸುಮ್ನೆ ಒಂದು ಮೊತ್ತ ಬರೆದರೆ ಆಗುವುದಿಲ್ಲ, ಅದರ ಹಿಂದೆ ಸರ್ವೀಸ್ ವಿಭಾಗದ ದಾಖಲೆ ಇರಬೇಕು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಪ್ರಾವಿಷನ್ ತೋರಿಸಿದವರನ್ನು ಮೊದಲು ಕೇಳಬೇಕಾದದ್ದು, ಅಂದಾಜಿನ ಕಾಗದ ಎಲ್ಲಿ ಎಂದು.

ಈಗ ಅದೇ ಕಾರ್ಖಾನೆಯ ಚಾವಣಿ ನೋಡಿ. ತಗಡು ತುಕ್ಕು ಹಿಡಿದಿದೆ. ಮುಂದಿನ ಮಳೆಗಾಲದೊಳಗೆ ಬದಲಿಸದಿದ್ದರೆ ಯಂತ್ರಗಳ ಮೇಲೆ ನೀರು ಸೋರುತ್ತದೆ. 60 ಲಕ್ಷ ಬೇಕು. ಖರ್ಚು ಹೆಚ್ಚುಕಡಿಮೆ ಖಚಿತ, ಮೊತ್ತವೂ ಗೊತ್ತು. ಹಾಗಾದರೆ ಮಾರ್ಚ್ 31ಕ್ಕೆ 60 ಲಕ್ಷದ ಪ್ರಾವಿಷನ್ ಮಾಡಬಹುದಾ?

ಸಭೆಯಲ್ಲಿ ಬಹಳ ಜನ ‘ಮಾಡಬಹುದು’ ಎಂದರು. ಮಾಡುವಂತಿಲ್ಲ. ಯಾಕೆಂದರೆ ಆ ದಿನ ಕಂಪನಿ ಆ 60 ಲಕ್ಷವನ್ನು ಯಾರಿಗೂ ಕೊಡಬೇಕಾಗಿಲ್ಲ. ತಗಡು ಹಾಕುವವನು ಇನ್ನೂ ಬಂದೇ ಇಲ್ಲ. ಮನಸ್ಸು ಬದಲಿಸಿ ಶೆಡ್ಡನ್ನೇ ಮಾರಿಬಿಟ್ಟರೆ ಈ ಖರ್ಚೇ ಇಲ್ಲ. ಪಂಪಿನ ವಿಷಯದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕಾರ್ಡ್ ಹಿಡಿದ ಗಿರಾಕಿ ಬಂದೇ ಬರುತ್ತಾನೆ. ಮುಂದೆ ಆಗಬಹುದಾದ ನಷ್ಟಕ್ಕೂ ಇದೇ ಮಾತು. ಮುಂದಿನ ವರ್ಷ ವ್ಯಾಪಾರ ಬಿದ್ದೀತು ಎಂಬ ಹೆದರಿಕೆಗೆ ಪ್ರಾವಿಷನ್ ಇಲ್ಲ.

ಹಾಗಾದರೆ ಚಾವಣಿಗೆ ದುಡ್ಡು ಉಳಿಸಿಕೊಳ್ಳುವುದು ಹೇಗೆ? ಅದಕ್ಕೇ ರಿಸರ್ವ್. ಲಾಭ ಎಷ್ಟೆಂದು ಲೆಕ್ಕ ಮುಗಿದ ಮೇಲೆ, ಅದರಲ್ಲಿ 60 ಲಕ್ಷವನ್ನು ಹಂಚದೆ ಒಳಗೇ ಇಡೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಬಹುದು. ಆ ದುಡ್ಡು ಷೇರುದಾರರದ್ದೇ. ಬೇರೆ ಹೆಸರಿನಲ್ಲಿ ಎತ್ತಿಟ್ಟಿದ್ದಾರೆ ಅಷ್ಟೇ. ನಾಳೆ ಬೇಡ ಎನಿಸಿದರೆ ವಾಪಸು ತೆಗೆಯಬಹುದು.

ಅಂಕಿಯಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ವಾರಂಟಿ ಖರ್ಚು ಕಳೆಯುವ ಮೊದಲು ಕಂಪನಿಯ ಲಾಭ 4.5 ಕೋಟಿ ಅಂತ ಇಟ್ಟುಕೊಳ್ಳಿ. ಪ್ರಾವಿಷನ್ 50 ಲಕ್ಷ ಕಳೆದ ಮೇಲೆ 4 ಕೋಟಿ. ಇದು ಲಾಭ. ಇದರಿಂದ 60 ಲಕ್ಷ ರಿಸರ್ವ್‌ಗೆ ಹೋದರೂ ಲಾಭ 4 ಕೋಟಿಯೇ, 3.4 ಕೋಟಿ ಆಗುವುದಿಲ್ಲ. ಪ್ರಾವಿಷನ್ ಲಾಭವನ್ನು ಕಡಿಮೆ ಮಾಡುತ್ತದೆ, ರಿಸರ್ವ್ ಲಾಭವನ್ನು ಎಲ್ಲಿಡಬೇಕು ಎಂದು ಹೇಳುತ್ತದೆ. ಇನ್ನೊಂದು ವರ್ಷ ವ್ಯಾಪಾರ ಕೈಕೊಟ್ಟು, ವಾರಂಟಿಗೆ ಮೊದಲಿನ ಲಾಭ ಬರೀ 20 ಲಕ್ಷ ಬಂತು ಅನ್ನಿ. ಆಗಲೂ 50 ಲಕ್ಷದ ಪ್ರಾವಿಷನ್ ಮಾಡಲೇಬೇಕು, 30 ಲಕ್ಷ ನಷ್ಟ ತೋರಿಸಲೇಬೇಕು. ಆ ವರ್ಷ ರಿಸರ್ವ್‌ಗೆ ಹಾಕುವ ಪ್ರಶ್ನೆಯೇ ಇಲ್ಲ, ಹಾಕಲು ಲಾಭವೇ ಇಲ್ಲವಲ್ಲ.

ಬ್ಯಾಲೆನ್ಸ್ ಶೀಟಿನಲ್ಲೂ ಇವೆರಡರ ಜಾಗ ಬೇರೆ. 2013ರ ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಪ್ರಕಾರ ರಿಸರ್ವ್ ಷೇರು ಬಂಡವಾಳದ ಕೆಳಗೇ ಬರುತ್ತದೆ. ಇಂಡ್ ಎಎಸ್ ಪಾಲಿಸುವ ಕಂಪನಿಗಳಲ್ಲಿ ಆ ಸಾಲಿನ ಹೆಸರು ‘ಅದರ್ ಈಕ್ವಿಟಿ’. ಪ್ರಾವಿಷನ್ ಹೊಣೆಗಳ ಭಾಗದಲ್ಲಿ ಬರುತ್ತದೆ, ವರ್ಷದೊಳಗೆ ತೀರುವಂಥದ್ದು ಒಂದು ಕಡೆ, ಆಮೇಲಿನದ್ದು ಇನ್ನೊಂದು ಕಡೆ. ವಸೂಲಾಗದ ಬಾಕಿಗೆ ಎತ್ತಿಡುವ ಮೊತ್ತ ಮಾತ್ರ ಇಲ್ಲಿ ಕಾಣುವುದಿಲ್ಲ. ಅದನ್ನು ಆಸ್ತಿ ಭಾಗದಲ್ಲಿ ಗಿರಾಕಿಗಳ ಬಾಕಿಯಿಂದಲೇ ಕಳೆದು ತೋರಿಸುತ್ತಾರೆ. ಗುಮಾಸ್ತರು ಅದನ್ನು ‘ಡೌಟ್‌ಫುಲ್ ಡೆಟ್ ರಿಸರ್ವ್’ ಎಂದು ಕರೆಯುವುದುಂಟು. ಹೆಸರು ರಿಸರ್ವ್ ಆದರೂ ಅದು ರಿಸರ್ವ್ ಅಲ್ಲ.

ರಿಸರ್ವ್ ತಾನಾಗಿ ಹುಟ್ಟುವುದಿಲ್ಲ ಅನ್ನುವುದಕ್ಕೆ ನಮ್ಮ ಮುಂಬಯಿಯದ್ದೇ ಒಂದು ಪ್ರಕರಣ ಇದೆ. ಸೆಂಚುರಿ ಸ್ಪಿನ್ನಿಂಗ್ ಗಿರಣಿಯದ್ದು. 1945ರ ಲಾಭದಲ್ಲಿ ಸುಮಾರು 5 ಲಕ್ಷ ರೂಪಾಯಿ ಉಳಿದಿತ್ತು. 1946ರ ಏಪ್ರಿಲ್ 1ಕ್ಕೆ ಅದು ರಿಸರ್ವ್ ಆಗಿತ್ತಾ ಅನ್ನುವುದು ಪ್ರಶ್ನೆ. ರಿಸರ್ವ್ ಎಂದಾದರೆ ಆಗಿನ ಬಿಸಿನೆಸ್ ಪ್ರಾಫಿಟ್ಸ್ ಟ್ಯಾಕ್ಸ್ ಲೆಕ್ಕದಲ್ಲಿ ಕಂಪನಿಗೆ ಅನುಕೂಲ. ಆದರೆ ನಿರ್ದೇಶಕರು ಆ ಮೊತ್ತದ ಬಹುಪಾಲನ್ನು ಡಿವಿಡೆಂಡ್ ಕೊಡಲು ಫೆಬ್ರವರಿಯಲ್ಲೇ ಶಿಫಾರಸು ಮಾಡಿದ್ದರು. ಷೇರುದಾರರ ಸಭೆ ನಡೆದದ್ದು ಏಪ್ರಿಲ್ 3ಕ್ಕೆ. ಸುಪ್ರೀಂ ಕೋರ್ಟ್ 1953ರಲ್ಲಿ ಹೇಳಿದ್ದು ಇಷ್ಟು: ಹಂಚದೆ ಉಳಿದ ಲಾಭವೆಲ್ಲಾ ರಿಸರ್ವ್ ಅಲ್ಲ. ಅಧಿಕಾರ ಇರುವವರು ಇಷ್ಟನ್ನು ಎತ್ತಿಟ್ಟಿದ್ದೇವೆ ಎಂದು ಸ್ಪಷ್ಟವಾಗಿ ತೀರ್ಮಾನಿಸಿರಬೇಕು. ಪ್ರಾವಿಷನ್ ಹಾಗಲ್ಲ. ಹೊಣೆ ಹುಟ್ಟಿತು ಎಂದರೆ ನಿರ್ದೇಶಕರಿಗೆ ಇಷ್ಟ ಇರಲಿ ಬಿಡಲಿ, ಬರೆಯಲೇಬೇಕು.

ಈಗ ತೊಂದರೆಯ ಜಾಗಕ್ಕೆ ಬರುತ್ತೇನೆ. ಇದನ್ನು ನಿಧಾನವಾಗಿ ಹೇಳಬೇಕು.

ಪ್ರಾವಿಷನ್ ಅಂದರೆ ಅಂದಾಜು. ಅಂದಾಜು ಮಾಡುವವರು ಕಂಪನಿಯವರೇ. ಒಳ್ಳೆಯ ವರ್ಷದಲ್ಲಿ 50 ಲಕ್ಷ ಬೇಕಾದಲ್ಲಿ ಅವರು 1.5 ಕೋಟಿ ಬರೆದರು ಅನ್ನಿ. 4.5 ಕೋಟಿಯಿಂದ ಲಾಭ 3 ಕೋಟಿಗೆ ಇಳಿಯಿತು. ಮುಂದಿನ ವರ್ಷ ವ್ಯಾಪಾರ ಕೆಟ್ಟಿತು, ವಾರಂಟಿಗೆ ಮೊದಲಿನ ಲಾಭ 2 ಕೋಟಿ ಮಾತ್ರ. ಹಳೆಯ ಪಂಪುಗಳ ರಿಪೇರಿಗೆ ನಿಜವಾಗಿ ಆದ ಖರ್ಚು 45 ಲಕ್ಷ. 1.5 ಕೋಟಿಯಲ್ಲಿ 1.05 ಕೋಟಿ ಹಾಗೇ ಉಳಿಯಿತು. ಅದನ್ನು ‘ಇನ್ನು ಬೇಕಿಲ್ಲ’ ಎಂದು ಲಾಭಕ್ಕೆ ವಾಪಸು ತಂದರು. ಹೊಸ ಪಂಪುಗಳಿಗೆ ಈ ಸಲ ಸರಿಯಾಗಿ 50 ಲಕ್ಷವನ್ನೇ ಬರೆದರು. 2 ಕೋಟಿಯಿಂದ 50 ಲಕ್ಷ ಕಳೆದು 1.05 ಕೋಟಿ ಕೂಡಿದರೆ 2.55 ಕೋಟಿ ಲಾಭ.

ಸರಿಯಾಗಿ ಬರೆದಿದ್ದರೆ ಏನಾಗುತ್ತಿತ್ತು? ಮೊದಲ ವರ್ಷ 4 ಕೋಟಿ. ಎರಡನೇ ವರ್ಷ 2 ಕೋಟಿಯಿಂದ 50 ಲಕ್ಷ ಕಳೆದು, ಉಳಿದ 5 ಲಕ್ಷ ಕೂಡಿ, 1.55 ಕೋಟಿ. ಎರಡು ವರ್ಷದ ಮೊತ್ತ ಎರಡೂ ಲೆಕ್ಕದಲ್ಲಿ ಒಂದೇ, 5.55 ಕೋಟಿ. ಆದರೆ ನಿಜವಾದ ಚಿತ್ರದಲ್ಲಿ ಲಾಭ 4 ಕೋಟಿಯಿಂದ 1.55 ಕೋಟಿಗೆ ಕುಸಿದಿದೆ. ತೋರಿಸಿದ ಚಿತ್ರದಲ್ಲಿ 3 ಕೋಟಿಯಿಂದ 2.55 ಕೋಟಿಗೆ, ಸ್ವಲ್ಪ ಕಡಿಮೆ ಆಯಿತು ಅಷ್ಟೇ. ಈ ಎರಡನೇ ಚಿತ್ರ ನೋಡಿ ಷೇರು ಕೊಂಡವರಿಗೆ ಮೋಸವೇ ಆಯಿತು ಎಂದು ನಾನು ಹೇಳುತ್ತೇನೆ. ಮೊದಲ ವರ್ಷ ಕಡಿಮೆ ಲಾಭ ನೋಡಿ ಮಾರಿ ಹೋದವರಿಗೂ ಅನ್ಯಾಯವೇ.

1956ರ ಹಳೆಯ ಕಂಪನಿ ಕಾಯ್ದೆಯ ಆರನೇ ಶೆಡ್ಯೂಲಿನಲ್ಲಿ ಇದಕ್ಕೆ ಸರಳವಾದ ಒಂದು ಮಾತು ಇತ್ತು. ಅಗತ್ಯಕ್ಕಿಂತ ಜಾಸ್ತಿ ಪ್ರಾವಿಷನ್ ಮಾಡಿದರೆ, ಆ ಜಾಸ್ತಿ ಭಾಗವನ್ನು ಪ್ರಾವಿಷನ್ ಅಂತ ಅಲ್ಲ, ರಿಸರ್ವ್ ಅಂತ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ 1 ಕೋಟಿ ಯಾರಿಗೂ ಕೊಡಬೇಕಾದ ದುಡ್ಡಲ್ಲ. ಅದು ಷೇರುದಾರರ ದುಡ್ಡು, ಸಾಲದ ಪಟ್ಟಿಯಲ್ಲಿ ಅಡಗಿ ಕುಳಿತಿದೆ. ಕಾರ್ಮಿಕರಿಗೂ ಇದು ತಟ್ಟುತ್ತದೆ. 1965ರ ಬೋನಸ್ ಕಾಯ್ದೆಯ ಲೆಕ್ಕದಲ್ಲಿ, ಲಾಭದಿಂದ ರಿಸರ್ವ್‌ಗೆ ಹೋದ ಮೊತ್ತವನ್ನು ವಾಪಸು ಕೂಡಿಸಿ ನೋಡುವ ಕ್ರಮ ಇತ್ತು. ನಿಜವಾದ ಹೊಣೆಗೆ ಇಟ್ಟ ಪ್ರಾವಿಷನ್ನನ್ನು ಹಾಗೆ ಕೂಡಿಸುವಂತಿರಲಿಲ್ಲ. ಆದ್ದರಿಂದಲೇ ಯಾವುದು ರಿಸರ್ವ್, ಯಾವುದು ಪ್ರಾವಿಷನ್ ಎಂದು ಯೂನಿಯನ್‌ಗಳು ಕೋರ್ಟಿನ ತನಕ ಹೋದದ್ದುಂಟು.

ಹೊರಗಿನಿಂದ ನೋಡುವ ನಮಗೆ ಇದು ಗೊತ್ತಾಗುವುದು ಹೇಗೆ? ವಾರ್ಷಿಕ ವರದಿಯ ಹಿಂಭಾಗದ ಟಿಪ್ಪಣಿಗಳಲ್ಲಿ ಪ್ರಾವಿಷನ್‌ಗಳ ಏರಿಳಿತದ ಒಂದು ಪಟ್ಟಿ ಇರುತ್ತದೆ. ವರ್ಷದ ಆರಂಭದಲ್ಲಿ ಎಷ್ಟಿತ್ತು, ಹೊಸದಾಗಿ ಎಷ್ಟು ಸೇರಿತು, ನಿಜವಾಗಿ ಎಷ್ಟು ಖರ್ಚಾಯಿತು, ಬಳಸದೆ ಎಷ್ಟನ್ನು ವಾಪಸು ತೆಗೆದರು, ಕೊನೆಯಲ್ಲಿ ಎಷ್ಟು ಉಳಿಯಿತು. ಒಂದು ವರ್ಷದ್ದು ನೋಡಿದರೆ ಏನೂ ತಿಳಿಯದು. ನಾಲ್ಕೈದು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ. ಸೇರಿಸಿದ್ದಕ್ಕೂ ಖರ್ಚಾದದ್ದಕ್ಕೂ ಹೆಚ್ಚು ಅಂತರ ಇಲ್ಲದಿದ್ದರೆ ಅಂದಾಜು ಪ್ರಾಮಾಣಿಕ. ಪ್ರತಿ ವರ್ಷ ಸೇರಿಸುವುದು ಬಹಳ, ಖರ್ಚಾಗುವುದು ಕಡಿಮೆ, ಲಾಭ ಬಿದ್ದ ವರ್ಷವೇ ಸರಿಯಾಗಿ ದೊಡ್ಡ ಮೊತ್ತ ವಾಪಸು ಬಂದಿದೆ ಎಂದಾದರೆ, ವಾರ್ಷಿಕ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅಲ್ಲಿದೆ. ಒಂದು ವರ್ಷ ಅಂದಾಜು ತಪ್ಪುವುದು ಸಹಜ. ಹೊಸ ಮಾದರಿಯ ಪಂಪು ತಂದಾಗ ಹಳೆಯ ದಾಖಲೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಒಂದೇ ವರ್ಷ ನೋಡಿ ಯಾರ ಮೇಲೂ ಆರೋಪ ಹೊರಿಸಬೇಡಿ.

ಇಲ್ಲಿಗೆ ಪ್ರಾವಿಷನ್ ಬಿಟ್ಟು ಆ 25 ಕೋಟಿಗೆ ಬರೋಣ. ನಮ್ಮ ಕಂಪನಿಯ ರಿಸರ್ವ್ ಪಟ್ಟಿ ಹೀಗಿದೆ ಅನ್ನಿ. ಷೇರು ಮಾರಿದಾಗ ಮುಖಬೆಲೆಗಿಂತ ಜಾಸ್ತಿ ಬಂದ ಸೆಕ್ಯೂರಿಟೀಸ್ ಪ್ರೀಮಿಯಂ 6 ಕೋಟಿ. ಕ್ಯಾಪಿಟಲ್ ರಿಸರ್ವ್ 1 ಕೋಟಿ. ಭೋಸರಿಯ ಜಾಗವನ್ನು ಈಗಿನ ಬೆಲೆಗೆ ಏರಿಸಿ ಬರೆದದ್ದರಿಂದ ಬಂದ ರಿವ್ಯಾಲ್ಯುಯೇಷನ್ ರಿಸರ್ವ್ 11 ಕೋಟಿ. ಜನರಲ್ ರಿಸರ್ವ್ 7 ಕೋಟಿ. ಒಟ್ಟು 25 ಕೋಟಿ. ಪ್ರತಿ ವರ್ಷ ಉಳಿದ ಲಾಭವನ್ನೆಲ್ಲಾ ಜನರಲ್ ರಿಸರ್ವ್‌ಗೇ ಹಾಕುತ್ತಾ ಬಂದಿದ್ದಾರೆ, ಲಾಭ-ನಷ್ಟ ಖಾತೆಯಲ್ಲಿ ಬೇರೆ ಉಳಿಕೆ ಇಲ್ಲ.

ಇದರಲ್ಲಿ ವ್ಯಾಪಾರ ಮಾಡಿ ಗಳಿಸಿದ್ದು ಕೊನೆಯ 7 ಕೋಟಿ ಮಾತ್ರ. ಅದೇ ರೆವೆನ್ಯೂ ರಿಸರ್ವ್. ಉಳಿದ 18 ಕೋಟಿ ಪಂಪು ಮಾರಿ ಬಂದದ್ದಲ್ಲ. ಪ್ರೀಮಿಯಂ ಷೇರುದಾರರೇ ತಂದು ಹಾಕಿದ ದುಡ್ಡು. ಜಾಗದ 11 ಕೋಟಿ ಬರೀ ಕಾಗದದ ಮೇಲಿನದು. ಜಾಗ ಅಲ್ಲೇ ಇದೆ, ಶೆಡ್ಡೂ ಅಲ್ಲೇ ಇದೆ, ಯಾರೂ ಒಂದು ರೂಪಾಯಿ ಕೊಟ್ಟಿಲ್ಲ.

ಕ್ಯಾಪಿಟಲ್ ರಿಸರ್ವ್ ಹುಟ್ಟುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ, ಬಿ.ಕಾಂ. ಮಕ್ಕಳಿಗೆ ಇದು ಪರೀಕ್ಷೆಗೂ ಬರುತ್ತದೆ. 10 ರೂಪಾಯಿ ಮುಖಬೆಲೆಯ 1,000 ಷೇರು ಕೊಂಡವರೊಬ್ಬರು 6 ರೂಪಾಯಿ ಕಟ್ಟಿ, ಉಳಿದ 4 ರೂಪಾಯಿ ಕಟ್ಟಲಿಲ್ಲ. ಕಂಪನಿ ಷೇರು ಮುಟ್ಟುಗೋಲು ಹಾಕಿಕೊಂಡಿತು. ಕಟ್ಟಿದ 6,000 ರೂಪಾಯಿ ಕಂಪನಿಯಲ್ಲೇ ಉಳಿಯಿತು. ಆಮೇಲೆ ಅದೇ ಷೇರುಗಳನ್ನು ಪೂರ್ತಿ ಪಾವತಿಯಾದ ಷೇರು ಎಂದು ಇನ್ನೊಬ್ಬರಿಗೆ 8 ರೂಪಾಯಿಗೆ ಕೊಟ್ಟರು. ಪ್ರತಿ ಷೇರಿಗೆ 2 ರೂಪಾಯಿ ಕಡಿಮೆ ಬಂತು, ಅಂದರೆ 2,000. ಅದನ್ನು 6,000ದಿಂದ ತುಂಬಿಸಿದ ಮೇಲೆ 4,000 ಉಳಿಯಿತು. ಕಂಪನಿಗೆ ಲಾಭವೇ, ಆದರೆ ಪಂಪಿನಿಂದ ಬಂದ ಲಾಭ ಅಲ್ಲ, ತನ್ನದೇ ಬಂಡವಾಳದ ವ್ಯವಹಾರದಿಂದ ಬಂದದ್ದು. ಆದ್ದರಿಂದ ಈ 4,000 ಕ್ಯಾಪಿಟಲ್ ರಿಸರ್ವ್‌ಗೆ ಹೋಗುತ್ತದೆ. ಇನ್ನೊಂದು ಕಂಪನಿಯನ್ನು ಅದರ ನಿವ್ವಳ ಆಸ್ತಿಗಿಂತ ಅಗ್ಗಕ್ಕೆ ಕೊಂಡಾಗ ಸಿಗುವ ಲಾಭವೂ ಹೀಗೇ. ಹಳೆಯ ಪಠ್ಯಪುಸ್ತಕಗಳಲ್ಲಿ ಯಂತ್ರ, ಜಾಗ ಮಾರಿದ ಲಾಭವನ್ನೂ ನೇರ ಇಲ್ಲಿಗೆ ಹಾಕಿರುತ್ತಾರೆ. ಈಗಿನ ಮಾನದಂಡಗಳ ಪ್ರಕಾರ ಅದು ಮೊದಲು ಲಾಭ-ನಷ್ಟ ಖಾತೆಗೆ ಬರುತ್ತದೆ.

ಇಷ್ಟಾದ ಮೇಲೆ ಕಾನೂನು. 2013ರ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ರಿಸರ್ವ್‌ನಿಂದ ಡಿವಿಡೆಂಡ್ ಕೊಡುವುದಾದರೆ ಫ್ರೀ ರಿಸರ್ವ್‌ನಿಂದ ಮಾತ್ರ, ಅಂದರೆ ಡಿವಿಡೆಂಡ್ ಆಗಿ ಹಂಚಲು ಸಿಗುವ ರಿಸರ್ವ್‌ನಿಂದ. ಕೈಗೆ ಬಾರದ ಲಾಭ, ಆಸ್ತಿಯ ಬೆಲೆ ಏರಿಸಿ ಬಂದದ್ದು, ಇವು ಫ್ರೀ ರಿಸರ್ವ್ ಅಲ್ಲ ಎಂದು ಎರಡನೇ ಸೆಕ್ಷನ್ನಿನ ವ್ಯಾಖ್ಯೆಯಲ್ಲೇ ಬರೆದಿದೆ. ಪ್ರೀಮಿಯಂ, ಕ್ಯಾಪಿಟಲ್ ರಿಸರ್ವ್ ಕೂಡ ಡಿವಿಡೆಂಡ್‌ಗೆ ಸಿಗುವುದಿಲ್ಲ. ಅಲ್ಲಿಗೆ ನಮ್ಮ 25 ಕೋಟಿ 7 ಕೋಟಿಗೆ ಇಳಿಯಿತು.

ಆ 7 ಕೋಟಿಯನ್ನೂ ಬೇಕಾದ ಹಾಗೆ ತೆಗೆಯಲು ಆಗುವುದಿಲ್ಲ. ಮೊದಲು ಹೇಳಿದ ಕೆಟ್ಟ ವರ್ಷ ನೆನಪಿದೆಯಲ್ಲ, 30 ಲಕ್ಷ ನಷ್ಟದ್ದು. ಆ ವರ್ಷವೂ ಡಿವಿಡೆಂಡ್ ಕೊಡಬೇಕು ಅನಿಸಿದರೆ 2014ರ ಡಿವಿಡೆಂಡ್ ನಿಯಮಗಳು ಅಡ್ಡ ಬರುತ್ತವೆ. ಹಿಂದಿನ ಮೂರು ವರ್ಷ ಶೇ. 9, 15, 12 ಕೊಟ್ಟಿದ್ದಾರೆ ಅನ್ನಿ. ಸರಾಸರಿ ಶೇ. 12, ಅದಕ್ಕಿಂತ ಜಾಸ್ತಿ ಕೊಡುವಂತಿಲ್ಲ. 5 ಕೋಟಿ ಬಂಡವಾಳಕ್ಕೆ ಶೇ. 12 ಎಂದರೆ 60 ಲಕ್ಷ. ರಿಸರ್ವ್‌ನಿಂದ ತೆಗೆಯುವ ಮೊತ್ತ ಬಂಡವಾಳ ಮತ್ತು ಫ್ರೀ ರಿಸರ್ವ್ ಕೂಡಿದ 12 ಕೋಟಿಯ ಹತ್ತನೇ ಒಂದು ಭಾಗ ಮೀರಬಾರದು, ಅಂದರೆ 1.2 ಕೋಟಿ. ತೆಗೆದದ್ದರಿಂದ ಮೊದಲು 30 ಲಕ್ಷದ ನಷ್ಟ ತುಂಬಿಸಬೇಕು, ಆಮೇಲೆ ಡಿವಿಡೆಂಡ್. ಎರಡೂ ಸೇರಿ 90 ಲಕ್ಷ, ಮಿತಿಯೊಳಗೇ ಇದೆ. ತೆಗೆದ ಮೇಲೆ ಉಳಿಯುವ ರಿಸರ್ವ್ ಬಂಡವಾಳದ ಶೇ. 15ಕ್ಕಿಂತ ಕೆಳಗೆ ಹೋಗಬಾರದು. 75 ಲಕ್ಷ ಇದ್ದರೆ ಸಾಕು, ನಮ್ಮಲ್ಲಿ 6.1 ಕೋಟಿ ಉಳಿದಿದೆ. ಹಾಗಾಗಿ 60 ಲಕ್ಷ ಕೊಡಬಹುದು. 25 ಕೋಟಿ ಎಂದು ಕೂಗಿದ ಷೇರುದಾರರಿಗೆ ಆ ವರ್ಷ ಕಾನೂನು ಬಿಡುವುದು ಇಷ್ಟೇ.

ಇಲ್ಲಿ ಹಿರಿಯರೊಬ್ಬರು ಕೇಳಿದರು: ‘ಅಲ್ಲ ಮಾರಾಯ್ರೇ, 7 ಕೋಟಿ ಬ್ಯಾಂಕಿನಲ್ಲಿ ಉಂಟಲ್ಲ, ಕಾನೂನು ಹಾಗಿರಲಿ, ಆ ದುಡ್ಡು ಅವರು ಏನು ಮಾಡುತ್ತಾರೆ?’

ಬ್ಯಾಂಕಿನಲ್ಲಿ ಇರಬೇಕೆಂದೇನೂ ಇಲ್ಲ. ರಿಸರ್ವ್ ಅನ್ನುವುದು ದುಡ್ಡು ಎಲ್ಲಿಂದ ಬಂತು ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಎಲ್ಲಿದೆ ಎಂದು ತಿಳಿಯಲು ಆಸ್ತಿ ಭಾಗ ನೋಡಬೇಕು. ಆ 7 ಕೋಟಿ ಯಂತ್ರವಾಗಿ, ಗೋದಾಮಿನ ತಾಮ್ರದ ತಂತಿಯಾಗಿ, ಗಿರಾಕಿಗಳ ಬಾಕಿಯಾಗಿ ಹರಡಿಕೊಂಡಿರುತ್ತದೆ. ರಿಸರ್ವ್‌ಗೆ ಸರಿಯಾಗಿ ಹೊರಗೆ ಹೂಡಿಕೆ ಮಾಡಿಟ್ಟಿದ್ದರೆ ಅದು ಬೇರೆ ಸಂಗತಿ, ಆಗ ಆಸ್ತಿ ಭಾಗದಲ್ಲಿ ಆ ಹೂಡಿಕೆ ಕಾಣಬೇಕು.

ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು: ‘ಸರ್, ಹಾಗಾದರೆ ಪ್ರೀಮಿಯಂನ 6 ಕೋಟಿ ಷೇರುದಾರರಿಗೆ ಯಾವತ್ತೂ ಸಿಗುವುದಿಲ್ಲವಾ?’

ಡಿವಿಡೆಂಡ್ ಆಗಿ ಸಿಗುವುದಿಲ್ಲ. ಆದರೆ 52ನೇ ಸೆಕ್ಷನ್ ಕೆಲವು ದಾರಿ ತೆರೆದಿಟ್ಟಿದೆ. ಅದರಿಂದ ಬೋನಸ್ ಷೇರು ಕೊಡಬಹುದು, ಷೇರುಗಳನ್ನು ಕಂಪನಿಯೇ ವಾಪಸು ಕೊಳ್ಳಲು ಬಳಸಬಹುದು. ಬೋನಸ್ ಷೇರಿನ ನಿಯಮ 63ನೇ ಸೆಕ್ಷನ್ನಿನಲ್ಲಿದೆ. ಫ್ರೀ ರಿಸರ್ವ್, ಪ್ರೀಮಿಯಂ, ಷೇರು ವಾಪಸು ಕೊಂಡಾಗ ಎತ್ತಿಡುವ ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್, ಈ ಮೂರರಿಂದ ಕೊಡಬಹುದು. ಹಾಗೆ ಕೊಟ್ಟಾಗ ಕಂಪನಿಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ, ರಿಸರ್ವ್ ಸಾಲಿನ ಮೊತ್ತ ಷೇರು ಬಂಡವಾಳದ ಸಾಲಿಗೆ ಸರಿಯುತ್ತದೆ ಅಷ್ಟೇ. ಭೋಸರಿಯ ಜಾಗದ ಬೆಲೆ ಏರಿಸಿ ಬರೆದ 11 ಕೋಟಿಯಿಂದ ಮಾತ್ರ ಬೋನಸ್ ಷೇರನ್ನೂ ಕೊಡುವಂತಿಲ್ಲ.